ಗೋಡೆಯ ನೀಲಿ ಕಲೆ ನೀರೇ ಆಗಿರಬೇಕಿಲ್ಲ

ಕಳೆದ ಜುಲೈನಲ್ಲಿ ನಾವು ಒಂದು ಗೋಡೆಯ ಫೋಟೊವನ್ನು ತಪ್ಪಾಗಿ ಓದಿದೆವು. ನಮ್ಮ ಮಾತು ನಂಬಿದ್ದರೆ ಒಬ್ಬ ತಾಯಿಯ 65 ಸಾವಿರ ರೂಪಾಯಿ ಗೋಡೆಪಾಲಾಗುತ್ತಿತ್ತು. ಡಿಸೆಂಬರಿನಲ್ಲಿ ಅದೇ ಗೋಡೆಯ ಫೋಟೊ ಮತ್ತೆ ತೆಗೆದಾಗ ನಮ್ಮ ತಪ್ಪು ಗೊತ್ತಾಯಿತು. ಈಗ ಊರೂರಿನಲ್ಲಿ ಎಲೆಕ್ಟ್ರಿಷಿಯನ್ನರು, ಸೋಲಾರ್ ರಿಪೇರಿಯವರು ಮೊಬೈಲಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ಇಟ್ಟುಕೊಳ್ಳುತ್ತಿದ್ದಾರೆ. ನಿಮ್ಮ ಮನೆಯ ಗೋಡೆಗೂ ಯಾರಾದರೂ ಅದನ್ನು ಹಿಡಿದು "ನೋಡಿ, ನೀಲಿ ಕಾಣ್ತಿದೆ, ನೀರು ಏರಿದೆ" ಅನ್ನಬಹುದು. ಅದಕ್ಕೇ ನಡೆದದ್ದನ್ನು ಮೊದಲಿಂದ ಬರೆಯುತ್ತಿದ್ದೇವೆ.

ಮನೆ ನಮ್ಮ ತಂಡದ ಒಬ್ಬನದು, ಸಾಗರ ತಾಲ್ಲೂಕಿನಲ್ಲಿದೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಳಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಹಂಚು. ಹಿಂದಿನ ಬಚ್ಚಲಿಗೆ ಮಾತ್ರ ಚಿಕ್ಕ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿ ಅದರ ಮೇಲೆ ಸೋಲಾರ್ ನೀರಿನ ಟ್ಯಾಂಕ್ ಕೂರಿಸಿದ್ದಾರೆ. ಬಚ್ಚಲಿಗೂ ಅಜ್ಜಿ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಬಣ್ಣ ಉಬ್ಬಿ, ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಕೆಳಗೆ ಬಿಳಿ ಉಪ್ಪಿನ ಪುಡಿ, ಕಬ್ಬಿಣದ ಬೀರುವಿನ ಹಿಂದೆ ಕರಿ ಬೂಷ್ಟು. ಅಜ್ಜಿಗೆ ಮಳೆಗಾಲ ಪೂರ್ತಿ ಕೆಮ್ಮು. ಮಂಚ ಆ ಗೋಡೆಗೇ ತಾಗಿತ್ತು.

ಮೇಸ್ತ್ರಿ ಬಂದು ನೋಡಿ, "ಅಮ್ಮಾ, ಇದು ಬುನಾದಿಯಿಂದ ನೀರು ಏರ್ತಿರೋದು. ನಾಲ್ಕು ಅಡಿವರೆಗೆ ಪ್ಲಾಸ್ಟರ್ ಪೂರ್ತಿ ಕಿತ್ತು, ಗೋಡೆಗೆ ಕೆಮಿಕಲ್ ಕುಡಿಸಿ, ಹೊಸದಾಗಿ ಪ್ಲಾಸ್ಟರ್ ಮಾಡಬೇಕು" ಅಂದರು. ಅಂದಾಜು 65 ಸಾವಿರ. ಅಡಿಕೆ ಮಾರಿದ ದುಡ್ಡಿನಲ್ಲಿ ಅಮ್ಮ ಎತ್ತಿಟ್ಟಿದ್ದು 70 ಸಾವಿರ, ಅದೂ ಕೊಟ್ಟಿಗೆಯ ಮಾಡು ಬದಲಿಸಲು. ಅಮ್ಮ ನಮ್ಮನ್ನು ಕೇಳಿದರು: "ನೀವು ಓದಿದೋರು, ನಿಮಗೆ ಗೊತ್ತಿದ್ದವರು ಯಾರನ್ನಾದರೂ ಕೇಳ್ರಪ್ಪಾ, ಇದು ನಿಜವಾ?"

ನಾವು ಪೇಟೆಯ ಎಲೆಕ್ಟ್ರಿಷಿಯನ್ ಗೆಳೆಯರೊಬ್ಬರ ಕ್ಯಾಮೆರಾ ಎರವಲು ತಂದೆವು. ಅವರು ಅದನ್ನು ಸ್ವಿಚ್‌ಬೋರ್ಡಿನಲ್ಲಿ ಸಡಿಲಾದ ತಂತಿ ಬಿಸಿಯಾಗಿದೆಯೇ ಎಂದು ನೋಡಲು ಬಳಸುತ್ತಾರೆ. ಜುಲೈ ಮಳೆಯಲ್ಲಿ ಹೋಗಿ ಗೋಡೆಗೆ ಹಿಡಿದೆವು. ಪರದೆಯ ಮೇಲೆ ಗೋಡೆಯ ಮೇಲ್ಭಾಗ ಹಳದಿ, ಕೆಳಗೆ ಮೊಣಕಾಲಿನವರೆಗೆ ಕಡುನೀಲಿ. ನೋಡಿದ ಕೂಡಲೇ ನಮಗೆ ನೀರು ಮೇಲೇರುತ್ತಿರುವುದೇ ಕಂಡ ಹಾಗಾಯಿತು. "ಮೇಸ್ತ್ರಿ ಹೇಳಿದ್ದೇ ಸರಿ ಅಮ್ಮ" ಎಂದು ಹೇಳಿ, ಊಟ ಮಾಡಿ ಬಂದೆವು. ಮಳೆ ನಿಂತ ಮೇಲೆ ಕೆಲಸ ಹಿಡಿಸುವುದು ಎಂದಾಯಿತು. ಆ ಮಳೆಯೇ ನಮ್ಮನ್ನು ಉಳಿಸಿತು ಅನ್ನಬೇಕು.

ಕ್ಯಾಮೆರಾ ವಾಪಸ್ ಕೊಡುವಾಗ ಆ ಗೆಳೆಯರು ಫೋಟೊ ನೋಡಿದರು. ಬಣ್ಣ ನೋಡಲಿಲ್ಲ, ಪಕ್ಕದ ಪಟ್ಟಿಯಲ್ಲಿದ್ದ ಎರಡು ಅಂಕಿ ನೋಡಿದರು. ಮೇಲೆ 24.6, ಕೆಳಗೆ 23.8. "ನಿಮ್ಮ ಹಳದಿಗೂ ನೀಲಿಗೂ ಇರೋ ವ್ಯತ್ಯಾಸ ಒಂದು ಡಿಗ್ರೀನೂ ಇಲ್ವಲ್ರೀ" ಅಂದರು.

ಇಲ್ಲಿ ಕ್ಯಾಮೆರಾ ಏನು ಮಾಡುತ್ತದೆ ಎಂದು ಹೇಳಬೇಕು. ಎಲ್ಲ ವಸ್ತುಗಳೂ ತಮ್ಮ ಬಿಸಿಗೆ ತಕ್ಕಂತೆ ಕಣ್ಣಿಗೆ ಕಾಣದ ಅವಗೆಂಪು ಕಿರಣ ಸೂಸುತ್ತವೆ. ಇಂಗ್ಲಿಷಿನವರು ಇನ್‌ಫ್ರಾರೆಡ್ ಅನ್ನುವುದು ಇದಕ್ಕೇ. ಕ್ಯಾಮೆರಾ ಆ ಕಿರಣವನ್ನು ಅಳೆದು ಮೇಲ್ಮೈ ಎಷ್ಟು ಬಿಸಿ ಎಂದು ಲೆಕ್ಕ ಹಾಕುತ್ತದೆ. ಗೋಡೆಯ ಮೇಲ್ಮೈ ಮಾತ್ರ, ಒಳಗಿನದಲ್ಲ. ನೀರನ್ನಂತೂ ಅದು ಕಾಣುವುದೇ ಇಲ್ಲ. ಆಮೇಲೆ ಆ ಚೌಕಟ್ಟಿನಲ್ಲಿ ಅತಿ ಬಿಸಿಯಾದ ಜಾಗಕ್ಕೆ ಹಳದಿ, ಅತಿ ತಣ್ಣಗಿನ ಜಾಗಕ್ಕೆ ನೀಲಿ ಬಳಿಯುತ್ತದೆ. ಎರಡರ ನಡುವೆ ಇಪ್ಪತ್ತು ಡಿಗ್ರಿ ಇದ್ದರೂ ಅದೇ ಹಳದಿ, ಅದೇ ನೀಲಿ. ಅರ್ಧ ಡಿಗ್ರಿ ಇದ್ದರೂ ಅಷ್ಟೇ. ಒಣಗಿದ ಗೋಡೆಗೆ ಹಿಡಿದರೂ ಎಲ್ಲೋ ಒಂದು ಕಡೆ ನೀಲಿ ಬಂದೇ ಬರುತ್ತದೆ. ಕೋಣೆಯಲ್ಲಿ ಬಿಸಿ ಗಾಳಿ ಮೇಲಿರುತ್ತದೆ, ನೆಲ ತಣ್ಣಗಿರುತ್ತದೆ. ಹಾಗಾಗಿ ಯಾವ ಗೋಡೆಯ ಬುಡವೂ ತಲೆಗಿಂತ ಒಂದಿಷ್ಟು ತಣ್ಣಗೇ. ನಾವು ನೋಡಿದ್ದು ಅದನ್ನು.

ಹಾಗಾದರೆ ಒದ್ದೆ ಜಾಗ ಫೋಟೊದಲ್ಲಿ ಯಾಕೆ ಕಾಣಬೇಕು? ಮಡಿಕೆಯ ನೀರು ತಣ್ಣಗಾಗುವ ಕಾರಣವೇ ಇಲ್ಲೂ. ಮಡಿಕೆಯ ಮೈಯಿಂದ ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಗೋಡೆಯ ಒದ್ದೆ ಜಾಗದಿಂದಲೂ ನೀರು ಆವಿಯಾಗುತ್ತಿದ್ದರೆ ಅದು ಸುತ್ತಲಿಗಿಂತ ತಣ್ಣಗಾಗುತ್ತದೆ. ಆದರೆ ಜುಲೈನ ಮಲೆನಾಡಿನಲ್ಲಿ ಗಾಳಿಯೇ ನೀರು ಕುಡಿದು ತುಂಬಿರುತ್ತದೆ. ಅಂಗಳದ ಹಗ್ಗದ ಮೇಲಿನ ಬಟ್ಟೆ ಮೂರು ದಿನಕ್ಕೂ ಒಣಗದ ಕಾಲದಲ್ಲಿ ಗೋಡೆ ಒಣಗುವುದೆಲ್ಲಿ? ಆವಿ ಇಲ್ಲದಿದ್ದರೆ ತಂಪೂ ಇಲ್ಲ. ಗೋಡೆ ತೊಯ್ದು ತೊಪ್ಪೆಯಾಗಿದ್ದರೂ ಫೋಟೊದಲ್ಲಿ ಏನೂ ಕಾಣದೆ ಹೋಗಬಹುದು. ಒದ್ದೆ ಹುಡುಕಲು ನಾವು ಹೋದದ್ದು ಹುಡುಕಬಾರದ ಕಾಲದಲ್ಲಿ.

ಚಳಿ ದೇಶಗಳಲ್ಲಿ ಇದೇ ಕ್ಯಾಮೆರಾವನ್ನು ಮುಖ್ಯವಾಗಿ ಬೇರೆ ಕೆಲಸಕ್ಕೆ ಬಳಸುತ್ತಾರೆ. ಅಲ್ಲಿ ಮನೆಯೊಳಗೆ ಬೆಂಕಿಯೋ ಹೀಟರೋ ಉರಿಯುತ್ತದೆ, ಹೊರಗೆ ಕೊರೆಯುವ ಚಳಿ. ಗೋಡೆಯ ಯಾವ ಸಂದಿಯಿಂದ ಬಿಸಿ ಸೋರುತ್ತಿದೆ ಎಂದು ಹೊರಗಿಂದ ನಿಂತು ನೋಡುತ್ತಾರೆ. ಒಳಗೂ ಹೊರಗೂ ಹತ್ತು ಡಿಗ್ರಿಯಾದರೂ ವ್ಯತ್ಯಾಸ ಬೇಕು ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಅಷ್ಟು ಅಂತರ ಇರುವುದಿಲ್ಲ. ನಮಗೆ ಇದರಿಂದ ಉಪಯೋಗ ಆಗಬೇಕೆಂದರೆ ಗೋಡೆ ಆರುವ ಕಾಲಕ್ಕೆ ಕಾಯಬೇಕು.

ಕಾದೆವು. ಡಿಸೆಂಬರ್ ಎರಡನೇ ವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಕೋಣೆಯ ಗಾಳಿ 27 ಡಿಗ್ರಿ, ತೇವಾಂಶ ಶೇ 45. ಇದನ್ನು ಅಳೆಯಲು ಗೋಡೆಗೆ ತೂಗುಹಾಕುವ ಸಣ್ಣ ಡಿಜಿಟಲ್ ಮೀಟರ್ ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಈ ಸಲ ತಯಾರಿ ಮಾಡಿಕೊಂಡೆವು. ಬೆಳಿಗ್ಗೆಯೇ ಮಂಚ, ಬೀರು ಎಲ್ಲ ಗೋಡೆಯಿಂದ ದೂರ ಸರಿಸಿದೆವು. ಬೀರು ನಿಂತಿದ್ದ ಜಾಗಕ್ಕೆ ಗಾಳಿ ಆಡದೆ ಅದು ಬೇರೆಯೇ ತಂಪಿನಲ್ಲಿರುತ್ತದೆ. ಅದು ಸುತ್ತಲಿನ ಹದಕ್ಕೆ ಬರಲು ಎರಡು ಗಂಟೆಯಾದರೂ ಬೇಕು. ಬಚ್ಚಲ ಒಲೆ ಹಿಂದಿನ ರಾತ್ರಿಯಿಂದ ಹಚ್ಚಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿದ್ದೆವು, ಹಂಡೆಯ ಬಿಸಿ ಗೋಡೆ ದಾಟಿ ಬಂದರೆ ಲೆಕ್ಕ ತಪ್ಪುತ್ತದೆ. ಕಿಟಕಿಯಿಂದ ಗೋಡೆಗೆ ಬಿಸಿಲು ಬೀಳದ ಹಾಗೆ ಪರದೆ ಎಳೆದೆವು. ಬಿಸಿಲು ಬಿದ್ದ ಗೋಡೆಯಲ್ಲಿ ಒದ್ದೆ ಜಾಗ ನಿಧಾನ ಕಾಯುತ್ತದೆ, ಸಂಜೆ ನಿಧಾನ ಆರುತ್ತದೆ. ಹಗಲು ನೀಲಿ ಕಂಡದ್ದು ಸಂಜೆ ಹಳದಿಯಾಗಿ ಕಾಣಬಹುದು.

ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಎರಡು ಬದಲಾವಣೆ ಮಾಡಿದೆವು. ಬಣ್ಣದ ಪಟ್ಟಿಯನ್ನು 21ರಿಂದ 28 ಡಿಗ್ರಿಗೆ ಕಟ್ಟಿಹಾಕಿದೆವು. ಇನ್ನು ಅರ್ಧ ಡಿಗ್ರಿ ವ್ಯತ್ಯಾಸಕ್ಕೆ ಅದು ಕಡುನೀಲಿ ತೋರಿಸಿ ಹೆದರಿಸುವಂತಿಲ್ಲ. ಎಮಿಸಿವಿಟಿ ಎಂಬ ಕಡೆ 0.95 ಇಟ್ಟೆವು. ವಸ್ತುವಿನ ಮೈ ಎಷ್ಟು ಚೆನ್ನಾಗಿ ಕಿರಣ ಸೂಸುತ್ತದೆ ಎಂಬ ಅಂಕಿ ಅದು. ಪ್ಲಾಸ್ಟರ್, ಬಣ್ಣ ಬಳಿದ ಗೋಡೆಗೆಲ್ಲ 0.95 ಹತ್ತಿರ ಹತ್ತಿರ ಸರಿ. ಹೊಳೆಯುವ ಸ್ಟೀಲು, ತಾಮ್ರಕ್ಕೆ ಅದು ನಡೆಯುವುದಿಲ್ಲ, ಅವು ಕನ್ನಡಿಯ ಹಾಗೆ ಬೇರೆಯದರ ಬಿಸಿಯನ್ನು ತೋರಿಸುತ್ತವೆ. ಗೋಡೆಯ ಬುಡದ ನುಣುಪು ಟೈಲ್ಸ್ ಪಟ್ಟಿಯಲ್ಲಿ ನಮಗೊಂದು ಕೆಂಪು ಮಚ್ಚೆ ಕಂಡಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮಚ್ಚೆಯೂ ಸರಿಯಿತು. ಅದು ನಮ್ಮದೇ ಮೈ ಬಿಸಿಯ ಪ್ರತಿಬಿಂಬ. ಸಂಶಯ ಬಂದಾಗಲೆಲ್ಲ ಹೀಗೆ ಸರಿದು ನೋಡಬೇಕು. ಗೋಡೆಯದೇ ಕಲೆಯಾದರೆ ಅದು ನಮ್ಮ ಜೊತೆ ಓಡಾಡುವುದಿಲ್ಲ.

ಮೂರು ಮೀಟರ್ ದೂರ ನಿಂತು ಇಡೀ ಗೋಡೆಯದೊಂದು, ಆಮೇಲೆ ಒಂದೂವರೆ ಮೀಟರಿನಿಂದ ತುಂಡು ತುಂಡಾಗಿ ಫೋಟೊ ತೆಗೆದೆವು. ಜೊತೆಗೆ ಅದೇ ಜಾಗದ ಮಾಮೂಲಿ ಫೋಟೊ. ಇಲ್ಲದಿದ್ದರೆ ಮನೆಗೆ ಬಂದು ನೋಡುವಾಗ ಯಾವ ಕಲೆ ಎಲ್ಲಿಯದು ಎಂದು ತಿಳಿಯುವುದಿಲ್ಲ.

ಈ ಸಲ ಬೇರೆಯೇ ಚಿತ್ರ. ಒಣ ಗೋಡೆ 25.4 ಡಿಗ್ರಿ. ಬುಡದಲ್ಲಿ ಒಂದು ಗೇಣು ಎತ್ತರಕ್ಕೆ 24.9, ಅಂದರೆ ಅರ್ಧ ಡಿಗ್ರಿ ಕಡಿಮೆ, ಅಷ್ಟೇ. ಆದರೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ಬೀರುವಿನ ಪಕ್ಕ, ಅಂಗೈಯಷ್ಟು ಜಾಗ 22.8 ಡಿಗ್ರಿ. ಅಲ್ಲಿಂದ ಕೆಳಕ್ಕೆ ಅದು ಬೀಸಣಿಗೆಯ ಹಾಗೆ ಅಗಲವಾಗುತ್ತಾ ನೆಲದ ಹತ್ತಿರ ಮಸುಕಾಗಿ ಹೋಗಿತ್ತು. ಇಂಥ ಕ್ಯಾಮೆರಾ ಹೇಳುವ ಡಿಗ್ರಿಯೇ ಎರಡು ಆಚೀಚೆ ಆಗಬಹುದು. ಆದರೆ ಒಂದೇ ಫೋಟೊದಲ್ಲಿ ಎರಡು ಜಾಗದ ನಡುವಿನ ವ್ಯತ್ಯಾಸವನ್ನು ಬಹಳ ಮಟ್ಟಿಗೆ ನಂಬಬಹುದು. ಇಲ್ಲಿ ಆ ವ್ಯತ್ಯಾಸ 2.6 ಡಿಗ್ರಿ.

ಆಕಾರ ನೋಡಿ. ಬುನಾದಿಯಿಂದ ನೀರು ಏರುವುದಾದರೆ ಬುಡದಲ್ಲಿ ಹೆಚ್ಚು ತಂಪು, ಮೇಲೆ ಹೋದಂತೆ ಕಡಿಮೆ. ಗೋಡೆಯ ಉದ್ದಕ್ಕೂ ಅಡ್ಡಡ್ಡ, ಅಲೆ ಅಲೆಯಾದ ಒಂದು ಗೆರೆ ಕಾಣಬೇಕು. ಹಂಚಿನಿಂದ ಸೋರಿದ್ದಾದರೆ ಮೇಲಿನಿಂದ ನಾಲಿಗೆಯ ಹಾಗೆ ಇಳಿದಿರಬೇಕು. ಗಾಳಿಯ ತೇವ ಕೂತದ್ದಾದರೆ ಮೂಲೆಯಲ್ಲೋ ಬೀರುವಿನ ಹಿಂದೆಯೋ ಅಂಚೇ ಇಲ್ಲದ ಮಬ್ಬು ಇರುತ್ತದೆ. ನಮ್ಮ ಮುಂದಿದ್ದದ್ದು ಗೋಡೆಯ ನಡುವೆ ಒಂದು ಬಿಂದುವಿನಲ್ಲಿ ಹುಟ್ಟಿ ಕೆಳಗೆ ಹರಡಿದ್ದು. ಹಾಗೆ ನಡುಗೋಡೆಯಲ್ಲಿ ನೀರು ಹುಟ್ಟಬೇಕಾದರೆ ಅಲ್ಲಿ ಪೈಪ್ ಇರಬೇಕು.

"ಈ ಗೋಡೆಲಿ ಪೈಪ್ ಎಲ್ಲಿಂದ ಬರ್ಬೇಕು? ಪೈಪ್ ಎಲ್ಲ ಬಚ್ಚಲ ಕಡೆ" ಅಂದರು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ, ತಡೀರಿ" ಎಂದರು. ಐದು ವರ್ಷದ ಹಿಂದೆ ಸೋಲಾರ್ ಹಾಕಿಸಿದಾಗ, ಬಚ್ಚಲಿನ ಹೊಸ ಟೈಲ್ಸ್ ಒಡೆಯುವುದು ಬೇಡವೆಂದು ಕೋಣೆಯ ಕಡೆಯಿಂದಲೇ ಗೋಡೆ ಕೊರೆದು ಬಿಸಿನೀರಿನ ಪೈಪ್ ಕೂರಿಸಿ ಪ್ಲಾಸ್ಟರ್ ಮುಚ್ಚಿದ್ದರಂತೆ. ಅದು ಎಲ್ಲರಿಗೂ ಮರೆತೇ ಹೋಗಿತ್ತು. ಮೇಸ್ತ್ರಿಗಂತೂ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಆದರೂ ಇದು ಊಹೆಯೇ. ತಣ್ಣಗಿದ್ದ ಮಾತ್ರಕ್ಕೆ ಒದ್ದೆ ಅಂತ ಹೇಳಲಾಗದು ಎಂಬ ಪಾಠ ಜುಲೈನಲ್ಲೇ ಆಗಿತ್ತು. ಬಿಸಿನೀರಿನ ಪೈಪಾದ್ದರಿಂದ ಪರೀಕ್ಷೆ ಸುಲಭವಿತ್ತು. ಬಚ್ಚಲಿನಲ್ಲಿ ಸೋಲಾರ್ ನಲ್ಲಿ ತಿರುಗಿಸಿ ಬಿಸಿನೀರು ಬಿಟ್ಟು, ಈಚೆ ಕೋಣೆಯಲ್ಲಿ ಕ್ಯಾಮೆರಾ ಹಿಡಿದು ನಿಂತೆವು. ನೀರು ದಂಡವಾಗದಿರಲಿ ಎಂದು ಅಮ್ಮ ಬಟ್ಟೆ ನೆನೆಸಿದರು. ಐದು ನಿಮಿಷದವರೆಗೆ ಏನೂ ಇಲ್ಲ. ಎಂಟನೇ ನಿಮಿಷಕ್ಕೆ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ತೆಳು ಬಿಸಿ ಗೆರೆ ಮೂಡಿತು. ಅದೇ ಪೈಪ್. ಅದು ಒಂದು ಮೀಟರ್ ಎತ್ತರದವರೆಗೆ ಇಳಿದು ಬಚ್ಚಲ ಕಡೆಗೆ ತಿರುಗುವ ಜಾಗದಲ್ಲಿ, ಮೊದಲು ಅತಿ ನೀಲಿಯಾಗಿದ್ದ ಅದೇ ಅಂಗೈಯಷ್ಟು ಜಾಗ, ಈಗ ಗೆರೆಗಿಂತ ಅಗಲವಾಗಿ ಬಿಸಿಯಾಗತೊಡಗಿತು. ಕಾಲು ಗಂಟೆಯಲ್ಲಿ 27 ಡಿಗ್ರಿ ದಾಟಿತು. ಬಿಸಿನೀರು ಪೈಪಿನಿಂದ ಹೊರಬಂದು ಪ್ಲಾಸ್ಟರಿನಲ್ಲಿ ಹರಡುತ್ತಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಅಜ್ಜಿ ಬಂದು ಅಂಗೈ ಇಟ್ಟು, "ಅಯ್ಯೋ, ಗೋಡೆಗೆ ಜ್ವರ ಬಂದ ಹಾಗಿದೆ" ಅಂದರು.

ಬುಡದ ಆ ಗೇಣೆತ್ತರದ ಪಟ್ಟಿ ಏನು? ಅದಕ್ಕೆ ಕ್ಯಾಮೆರಾ ಬಿಟ್ಟು ಹಳೆಯ ಉಪಾಯ ಮಾಡಿದೆವು. ಒಂದೊಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಟ್ಟೆವು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬಂದದ್ದು. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯಿಂದ ಬಂದದ್ದು. ಪೈಪ್ ಜಾಗದ ಹಾಳೆಯ ಒಳಗೆ ಹನಿ ಸಾಲುಗಟ್ಟಿತ್ತು. ಬುಡದ ಹಾಳೆಯ ಒಳಗೆ ಬರಿ ಮಬ್ಬು. ಅಂದರೆ ಬುನಾದಿಯ ತೇವವೂ ಸುಳ್ಳಲ್ಲ, ಆದರೆ ಅಲ್ಪ. ಹೊರಗೆ ಹೋಗಿ ನೋಡಿದರೆ ವರ್ಷಗಟ್ಟಲೆ ಮಣ್ಣು ಬಿದ್ದು ಬಿದ್ದು ಆ ಬದಿಯ ಅಂಗಳ ಒಳಗಿನ ನೆಲದ ಮಟ್ಟಕ್ಕೆ ಬಂದಿತ್ತು. ಹಾರೆ ಹಿಡಿದು ಒಂದು ಬೆಳಗಿನಲ್ಲಿ ಅದನ್ನು ಅರ್ಧ ಅಡಿ ತಗ್ಗಿಸಿ, ನೀರು ದೂರ ಹರಿಯುವ ಹಾಗೆ ಇಳಿಜಾರು ಮಾಡಿದೆವು.

ಬೀರುವಿನ ಹಿಂದಿನ ಬೂಷ್ಟಿನ ಕಥೆ ಮೂರನೆಯದು. ಜುಲೈನ ಫೋಟೊಗಳನ್ನು ಮತ್ತೆ ತೆರೆದು ನೋಡಿದೆವು. ಅಂದು ಕೋಣೆಯ ಗಾಳಿ 25 ಡಿಗ್ರಿ, ತೇವಾಂಶ ಶೇ 90. ಅಂಥ ಗಾಳಿ ಸುಮಾರು 23.2 ಡಿಗ್ರಿಗಿಂತ ತಣ್ಣಗಿನ ಮೈ ಮುಟ್ಟಿದರೆ ಅಲ್ಲಿ ಇಬ್ಬನಿ ಕೂರುತ್ತದೆ. ಬೀರು ಸರಿಸಿ ತೆಗೆದ ಒಂದು ಫೋಟೊದಲ್ಲಿ ಅದರ ಹಿಂದಿನ ಗೋಡೆ 23.0 ಇತ್ತು. ಅಲ್ಲಿ ಗಾಳಿಯ ನೀರೇ ಗೋಡೆಗೆ ಕೂತು ಬೂಷ್ಟಾಗುತ್ತಿತ್ತು. ಅದಕ್ಕೆ ಯಾವ ಕೆಮಿಕಲ್ಲೂ ಮದ್ದಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಡಬೇಕು, ಅಷ್ಟೇ. ಮೂರು ತೊಂದರೆಗಳು ಒಂದೇ ಗೋಡೆಯ ಮೇಲೆ ಕೂಡಿದ್ದವು. ನಾವೂ ಮೇಸ್ತ್ರಿಯೂ ಮೂರಕ್ಕೂ ಒಂದೇ ಹೆಸರಿಟ್ಟಿದ್ದೆವು.

ಮೇಸ್ತ್ರಿಯನ್ನೇ ಮತ್ತೆ ಕರೆದು ಫೋಟೊ ತೋರಿಸಿದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಪೈಪ್ ಇಲ್ಲಿದೆ ಅಂತ ಒಂದು ಮಾತು ಹೇಳಿದ್ರೆ ನಾನೂ ಕೆಮಿಕಲ್ ಅಂತಿರ್ಲಿಲ್ಲ ಅಮ್ಮ" ಅಂದರು. ನಾವು ಸೀಮೆಸುಣ್ಣದಿಂದ ಗುರುತು ಮಾಡಿದ ಒಂದಡಿ ಚೌಕವನ್ನಷ್ಟೇ ಒಡೆದರು. ಒಳಗೆ ಪೈಪ್ ತಿರುಗುವ ಕಡೆ ಹಾಕಿದ್ದ ಎಲ್ಬೋ ಜಾಯಿಂಟಿನಲ್ಲಿ ಅಂಟು ಅರ್ಧ ಸುತ್ತಿಗೆ ಮಾತ್ರ ಹಿಡಿದಿತ್ತು. ಪ್ಲಂಬರ್ ಕೂಲಿ, ಹೊಸ ಜಾಯಿಂಟು, ಗಾರೆ ಎಲ್ಲ ಸೇರಿ 1,800 ರೂಪಾಯಿ ಆಯಿತು.

ರಿಪೇರಿಯಾದ ಮರುದಿನ ಗೋಡೆ ಒಣಗಲಿಲ್ಲ. ಎರಡು ವಾರ ಕಳೆದು ನೋಡಿದಾಗ ಅದೇ ಜಾಗ ಇನ್ನೂ 1.5 ಡಿಗ್ರಿ ತಣ್ಣಗಿತ್ತು. ಅಮ್ಮನಿಗೆ ಗಾಬರಿ, ಮತ್ತೆ ಸೋರುತ್ತಿದೆಯೋ ಏನೋ ಎಂದು. ನಲ್ಲಿ ಬಿಟ್ಟು ಪರೀಕ್ಷಿಸಿದರೆ ತೆಳು ಗೆರೆ ಮಾತ್ರ ಬಿಸಿಯಾಯಿತು, ಅಗಲವಾಗಲಿಲ್ಲ. ಹಾಗಾಗಿ ಅದು ಹೊಸ ನೀರಲ್ಲ, ಗೋಡೆ ಕುಡಿದಿಟ್ಟುಕೊಂಡ ಹಳೆಯ ನೀರು. ಒಂದು ಇಂಚು ದಪ್ಪದ ಗೋಡೆ ಒಣಗಲು ಒಂದು ತಿಂಗಳು ಎಂಬ ಅಂದಾಜು ಲೆಕ್ಕ ಕಟ್ಟಡ ಕೆಲಸದವರಲ್ಲಿದೆ. ಫೆಬ್ರವರಿ ಕೊನೆಗೆ ವ್ಯತ್ಯಾಸ 0.4ಕ್ಕೆ ಇಳಿಯಿತು. ಆಮೇಲೆಯೇ ಉಪ್ಪಿನ ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು ಸುಣ್ಣ ಬಳಿದರು. ಅದಕ್ಕೂ ಮೊದಲು ಆಯಿಲ್ ಪೇಂಟ್ ಬಳಿದಿದ್ದರೆ ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಬಣ್ಣ ಮತ್ತೆ ಉಬ್ಬುತ್ತಿತ್ತು.

ಜುಲೈನ ಆ ಫೋಟೊವನ್ನು ನಾವು ಅಳಿಸಿಲ್ಲ. ಯಾರಾದರೂ ಥರ್ಮಲ್ ಫೋಟೊ ಕಳಿಸಿ "ಇದು ನೀರಾ?" ಎಂದು ಕೇಳಿದರೆ, ಬದಿಯ ಎರಡು ಅಂಕಿ ಎಷ್ಟು, ಯಾವ ತಿಂಗಳು, ಆ ದಿನ ಹಗ್ಗದ ಮೇಲಿನ ಬಟ್ಟೆ ಒಣಗಿತ್ತಾ ಎಂದು ಮೊದಲು ಕೇಳುತ್ತೇವೆ. ಕೊಟ್ಟಿಗೆಗೆ ಹೊಸ ಮಾಡು ಏಪ್ರಿಲ್‌ನಲ್ಲಿ ಬಂತು. ಅಜ್ಜಿಯ ಮಂಚ ಮಾತ್ರ ಇನ್ನೂ ಗೋಡೆಯಿಂದ ಎರಡು ಅಡಿ ಈಚೆಗೇ ಇದೆ. ಈ ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಅನ್ನುತ್ತಾರೆ.